ಫೋನ್ ನಿಷೇಧ ಇರುವ ಕಾಲೇಜಿನಲ್ಲಿ ಫೋನ್ ಬಗ್ಗೆ ಕೇಳುವುದು: ನನ್ನ ಮೂರನೇ ಅಧ್ಯಾಯ

ಪಿಯು ತರಗತಿಗಳಲ್ಲಿ ಮೊಬೈಲ್ ಬಳಕೆ ನನ್ನ ಪ್ರಬಂಧದ ವಿಷಯ. ಸಂಶೋಧನಾ ವಿಧಾನದ ಅಧ್ಯಾಯವನ್ನು ಪ್ರಶ್ನಾವಳಿ ಹಂಚುವ ಮೊದಲೇ ಬರೆದು ಮುಗಿಸಿದ್ದೆ. ಪ್ರಯೋಗಕ್ಕೆಂದು ಒಂದು ತರಗತಿಯಲ್ಲಿ ಪೈಲಟ್ ಮಾಡಿದ ದಿನವೇ ಅದರ ಅರ್ಧ ಭಾಗ ಕೆಲಸಕ್ಕೆ ಬಾರದೆ ಹೋಯಿತು.

ಪೈಲಟ್‌ಗೆ ತೆಗೆದುಕೊಂಡಿದ್ದು ಒಂದು ದ್ವಿತೀಯ ಪಿಯು ವಾಣಿಜ್ಯ ವಿಭಾಗವನ್ನು. ಕ್ಯಾಂಪಸ್ಸಿನಲ್ಲಿ ಫೋನ್ ನಿಷೇಧ. ಉಪನ್ಯಾಸಕರೇ ಪ್ರಶ್ನಾವಳಿ ಹಂಚಿದರು, ಅವರೇ ವಾಪಸ್ ತೆಗೆದುಕೊಂಡರು. ‘ಪಾಠದ ವೇಳೆ ಫೋನ್ ಬಳಸುತ್ತೀರಾ?’ ಎಂಬ ಪ್ರಶ್ನೆಗೆ ಹೆಚ್ಚುಕಮ್ಮಿ ಇಡೀ ತರಗತಿ ‘ಎಂದೂ ಇಲ್ಲ’ ಎಂದಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಡೆಸ್ಕಿನ ಕೆಳಗೆ ಎರಡು ಪರದೆ ಬೆಳಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು.

ಮಕ್ಕಳದ್ದೇನೂ ತಪ್ಪಿಲ್ಲ. ಸಿಕ್ಕಿಬಿದ್ದರೆ ಫೋನ್ ಹೋಗುತ್ತದೆ, ಮನೆಯವರಿಗೆ ಕರೆ ಹೋಗುತ್ತದೆ. ಅಂಥ ಕಡೆ ಯಾರು ತಾನೇ ನಿಜ ಬರೆಯುತ್ತಾರೆ? ಎಡವಿದ್ದು ನನ್ನ ವಿಧಾನ.

ಮೊದಲು ಸುಲಭದ್ದನ್ನು ಸರಿಮಾಡಿದೆ. ಹೆಸರು, ರೋಲ್ ನಂಬರ್ ಎರಡೂ ಬೇಡವೆಂದೆ. ಉಪನ್ಯಾಸಕರನ್ನು ಹೊರಗಿರಲು ಕೇಳಿಕೊಂಡೆ. ಹಾಳೆಯನ್ನು ಮಡಿಚಿ ಡಬ್ಬಿಗೆ ಹಾಕಿಸಿದೆ. ‘ಬಳಸುತ್ತೀರಾ’ ಎಂಬುದು ಅಭ್ಯಾಸದ ಬಗ್ಗೆ ಕೇಳಿದಂತಾಗುತ್ತಿತ್ತು. ಅದಕ್ಕೇ ‘ಕಳೆದ ಒಂದು ವಾರದಲ್ಲಿ, ಪಾಠ ನಡೆಯುವಾಗ, ಓದಿಗೆ ಸಂಬಂಧವಿಲ್ಲದ ಕೆಲಸಕ್ಕೆ ಫೋನ್ ತೆಗೆದಿದ್ದೀರಾ?’ ಎಂದು ಬದಲಿಸಿದೆ. ಇಷ್ಟಾದರೂ ಅಕ್ಷರ ನೋಡಿ ಗುರುತಿಸುತ್ತಾರೆ ಎಂಬ ಭಯ ಉಳಿದೇ ಇತ್ತು.

ಆಗ ನಮ್ಮ ಗೈಡ್ ಮೇಡಂ ಒಂದು ಹಳೆಯ ಉಪಾಯ ನೆನಪಿಸಿದರು. ಮುಜುಗರದ ಪ್ರಶ್ನೆಗೆ ಆಕಸ್ಮಿಕದ ಮುಸುಕು ಹಾಕಿ ಉತ್ತರ ಪಡೆಯುವ ಈ ದಾರಿಯನ್ನು 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ತೋರಿಸಿಕೊಟ್ಟಿದ್ದರು. ನಾನು ಬಳಸಿದ್ದು ಅದರ ನಂತರ ಬಂದ ಸರಳ ರೂಪ. ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ಏನೇ ಇರಲಿ ‘ಹೌದು’ ಬರೆಯಬೇಕು, ಟೇಲ್ ಬಿದ್ದರೆ ನಿಜ ಬರೆಯಬೇಕು. ‘ಹೌದು’ ಎಂದವರು ಫೋನ್ ತೆಗೆದವರೋ ಹೆಡ್ ಬಿದ್ದವರೋ ಯಾರಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ತರಗತಿಯಲ್ಲಿ ನಾಣ್ಯ ನಡೆಯಲಿಲ್ಲ. ಬೆಂಚಿನ ಕೆಳಗೆ ಉರುಳಿತು, ಪಕ್ಕದವರು ನೋಡಿದರು. ಅದರ ಬದಲು ಹೀಗೆ ಮಾಡಿದೆ: ಪ್ರಶ್ನೆ ಓದುವ ಮೊದಲೇ, ನಿಮಗೆ ಗೊತ್ತಿರುವ ಒಬ್ಬರ ಮೊಬೈಲ್ ನಂಬರ್ ಮನಸ್ಸಿಗೆ ತಂದುಕೊಳ್ಳಿ. ಕೊನೆಯ ಅಂಕಿ ಸಮವಾದರೆ ‘ಹೌದು’ ಎನ್ನಿ, ಬೆಸವಾದರೆ ನಿಜ ಹೇಳಿ. ‘ಓದುವ ಮೊದಲೇ’ ಎಂಬುದು ಮುಖ್ಯ. ಇಲ್ಲವಾದರೆ ತಮಗೆ ಬೇಕಾದ ಉತ್ತರಕ್ಕೆ ಹೊಂದುವ ನಂಬರನ್ನೇ ಆರಿಸಿಕೊಳ್ಳಬಹುದು. ನಾನು ಇದನ್ನು ಬಾಯಲ್ಲೇ ಹೇಳಿ, ಹತ್ತು ಸೆಕೆಂಡ್ ಕಾದು, ಆಮೇಲೆ ಹಾಳೆ ತಿರುಗಿಸಲು ಹೇಳುತ್ತಿದ್ದೆ. ಆ ಹತ್ತು ಸೆಕೆಂಡೂ ಅಧ್ಯಾಯದಲ್ಲಿದೆ.

ಲೆಕ್ಕ ಕಷ್ಟವಲ್ಲ. 240 ಮಂದಿಯಲ್ಲಿ 144 ಮಂದಿ ‘ಹೌದು’ ಎಂದರು ಎಂದುಕೊಳ್ಳಿ. ಅರ್ಧ, ಅಂದರೆ ಸುಮಾರು 120 ಮಂದಿ, ಸಮ ಅಂಕಿಯಿಂದಾಗಿ ‘ಹೌದು’ ಎಂದವರು. ಉಳಿದ 24 ‘ಹೌದು’ಗಳು ನಿಜ ಹೇಳಿದ 120 ಮಂದಿಯಿಂದ ಬಂದವು. ಹಾಗಾದರೆ ಫೋನ್ ತೆಗೆದವರು ಶೇ. 20.

ಈ ಮುಸುಕು ಪುಕ್ಕಟೆ ಸಿಗುವುದಿಲ್ಲ. ನೇರವಾಗಿ ಕೇಳಿ ನಿಜವೇ ಸಿಕ್ಕಿದ್ದರೆ, ಅದೇ 240 ಮಂದಿಯಲ್ಲಿ ಶೇ. 20ರ ಆಚೀಚೆ ಸುಮಾರು 5 ಅಂಶ ವ್ಯತ್ಯಾಸ ಇರಬಹುದಿತ್ತು. ಇಲ್ಲಿ ಅದು ಸುಮಾರು 12 ಅಂಶ. ನಿಜ ಪ್ರಮಾಣ ಶೇ. 8 ಇರಬಹುದು, ಶೇ. 32 ಕೂಡ ಇರಬಹುದು. ಈ ವ್ಯತ್ಯಾಸವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ವಿದ್ಯಾರ್ಥಿಗಳು ಬೇಕು. ಜೊತೆಗೆ ಒಂದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ, ಆದ್ದರಿಂದ ಇಡೀ ತರಗತಿಗಳನ್ನೇ ಆರಿಸಿದರೆ ವ್ಯತ್ಯಾಸ ಇನ್ನೂ ಜಾಸ್ತಿಯಾಗುತ್ತದೆ. ಹೀಗಾಗಿ ಈ ವಿಧಾನವನ್ನು ಒಂದೇ ಪ್ರಶ್ನೆಗೆ ಇಟ್ಟುಕೊಂಡೆ. ಮನೆಯಲ್ಲಿ ಫೋನ್ ಬಳಕೆ, ನೋಟ್ಸ್ ಹಂಚಿಕೆಯಂಥ ಭಯವಿಲ್ಲದ ಪ್ರಶ್ನೆಗಳನ್ನು ನೇರವಾಗಿಯೇ ಕೇಳಿದೆ.

ಇನ್ನೊಂದು ಮಿತಿ ನನಗೆ ನಿಜಕ್ಕೂ ನೋವು ಕೊಟ್ಟಿತು. ಯಾರು ತೆಗೆದರು ಎಂದು ಗೊತ್ತಾಗದಿದ್ದರೆ ಅವರ ಅಂಕಗಳ ಜೊತೆ ಸುಮ್ನೆ ಹೋಲಿಸಿ ನೋಡಲಾಗುವುದಿಲ್ಲ. ‘ಫೋನ್ ಬಳಕೆ ಮತ್ತು ಫಲಿತಾಂಶ’ ನನ್ನ ಮೂರನೇ ಉದ್ದೇಶವಾಗಿತ್ತು. ಅದನ್ನು ಕೈಬಿಟ್ಟೆ, ಕೈಬಿಟ್ಟ ಕಾರಣವನ್ನೂ ಬರೆದೆ.

ಆಮೇಲೆ ಅಧ್ಯಾಯವನ್ನು ಮೊದಲಿನಿಂದ ಬರೆದೆ. ‘ಹಂಚಲಾಗುವುದು’ ಎಂದಿದ್ದ ಕಡೆಯೆಲ್ಲ ‘ಹಂಚಿದೆ’ ಆಯಿತು. ಪೋಷಕರ ಒಪ್ಪಿಗೆ ಪತ್ರ ವಾಪಸ್ ಬಾರದ ಮಕ್ಕಳನ್ನು ಬಿಟ್ಟಿದ್ದು, ಒಪ್ಪಿಗೆ ಬಂದಿದ್ದರೂ ತಾವೇ ಬೇಡ ಎಂದವರನ್ನು ಬಿಟ್ಟಿದ್ದು, ಎರಡನ್ನೂ ಸಂಖ್ಯೆಯ ಸಮೇತ ಕೊಟ್ಟೆ. ಮೊದಲ ಪೈಲಟ್ ಕೆಟ್ಟ ಕಥೆಯನ್ನು ತೆಗೆದುಬಿಡೋಣವೇ ಎಂದು ಕೇಳಿದಾಗ ಮೇಡಂ ಹೇಳಿದರು, ‘ಅದನ್ನ ತೆಗೆದ್ರೆ ನಂಬರ್ ಯಾಕೆ ಕೇಳಿದ್ರಿ ಅಂತ ಓದುವವರಿಗೆ ಹೇಗೆ ಗೊತ್ತಾಗ್ಬೇಕು?’ ಅದು ಈಗ ಅಧ್ಯಾಯದಲ್ಲಿ ಒಂದೂವರೆ ಪುಟ ಇದೆ.