ಬೆಳಗ್ಗಿನ ಓಕರಿಕೆ, ಇಳಿದ ಕ್ರಿಯಾಟಿನಿನ್

ಬದಿಯಡ್ಕ ಕಡೆಯ ನನ್ನ ಕ್ಲಿನಿಕ್ಕಿಗೆ ಬರುವ ಹಳೆಯ ಕಿಡ್ನಿ ರೋಗಿಗಳು ವಾಂತಿಯನ್ನು ಹೆಚ್ಚಾಗಿ "ಗ್ಯಾಸ್ಟ್ರಿಕ್" ಅಂತಲೇ ಹೇಳುತ್ತಾರೆ. ಅರುವತ್ತು ದಾಟಿದ ಅಡಿಕೆ ಕೃಷಿಕರೊಬ್ಬರು ಗ್ಯಾಸ್ ಮಾತ್ರೆ ನುಂಗಿ ನುಂಗಿ ಸೋತು ಬಂದಿದ್ದರು. ಹಳೆಯ ಸಕ್ಕರೆ ಕಾಯಿಲೆ. ಮಗನ ಕೈಯಲ್ಲಿ ಎರಡು ರಿಪೋರ್ಟ್.

"ಕ್ರಿಯಾಟಿನಿನ್ 6.9 ಇದ್ದದ್ದು 6.2 ಆಗಿದೆ ಡಾಕ್ಟ್ರೇ, ಕಿಡ್ನಿ ಸುಧಾರಿಸಿದೆ ಅಲ್ವಾ?"

ನಾನು ಅಪ್ಪನ ತೋಳು ಮುಟ್ಟಿ ನೋಡಿದೆ. ಅಂಗಿಯ ತೋಳು ಜೋತಾಡುತ್ತಿತ್ತು. ಕಿಡ್ನಿ ಸೋಸಿ ಹೊರಹಾಕಬೇಕಾದ ಈ ಕ್ರಿಯಾಟಿನಿನ್ ಎಂಬ ಕಶ್ಮಲ ಹುಟ್ಟುವುದು ಮಾಂಸಖಂಡದಿಂದ. ಊಟ ಬಿಟ್ಟು ಖಂಡ ಕರಗಿದರೆ ಅದೂ ಇಳಿಯುತ್ತದೆ, ಕಿಡ್ನಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಇಂಥವರಲ್ಲಿ ನಾನು ತೂಕವನ್ನೇ ಜಾಸ್ತಿ ನಂಬುತ್ತೇನೆ.

ಓಕರಿಕೆ ಯಾವಾಗ ಅಂತ ಕೇಳಿದೆ. ಬೆಳಗ್ಗೆ ಹಲ್ಲುಜ್ಜುವಾಗ ಬರುತ್ತದೆ, ಊಟದ ನಂತರವೂ ಇದೆ. ಬಾಯಿಯಲ್ಲಿ ತಗಡು ನೆಕ್ಕಿದಂಥ ರುಚಿ, ಮೀನಿನ ವಾಸನೆಯೇ ಆಗುವುದಿಲ್ಲ. ರಕ್ತದಲ್ಲಿ ಯೂರಿಯ ಏರಿದರೆ ಎಂಜಲಿನಲ್ಲೂ ಏರುತ್ತದೆ. ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯ ಮಾಡುತ್ತವೆ. ಆ ರುಚಿಗೂ ಬಾಯಿಯ ನಾತಕ್ಕೂ ಇದೊಂದು ಮುಖ್ಯ ಕಾರಣ. ಅವರ ಯೂರಿಯ 190 ಇತ್ತು.

ಆದರೂ ಎಲ್ಲವನ್ನೂ ಕಿಡ್ನಿಯ ತಲೆಗೆ ಕಟ್ಟಲು ಮನಸ್ಸಾಗಲಿಲ್ಲ. ಮಾತ್ರೆಯ ಚೀಲ ಸುರಿಯಲು ಹೇಳಿದೆ. ಹಳೆಯ ಚೀಟಿ ತೋರಿಸಿ ತರುತ್ತಿದ್ದ, ಓಕರಿಕೆ ತರಿಸಬಲ್ಲ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಸಿಕ್ಕಿತು! ಕಿಡ್ನಿಯ ಸೋಸುವ ಶಕ್ತಿ, ಅಂದರೆ ಇಜಿಎಫ್ಆರ್, 30ಕ್ಕಿಂತ ಕೆಳಗಿಳಿದರೆ ಅದನ್ನು ನಿಲ್ಲಿಸಲೇಬೇಕು. ಇವರದ್ದು 10ರ ಆಸುಪಾಸು. ನಿಲ್ಲಿಸಿ, ಕಡಿಮೆ ಪ್ರಮಾಣದ ಇನ್ಸುಲಿನ್ ಕೊಟ್ಟೆ. ಬೈಕಾರ್ಬನೇಟ್ 16ಕ್ಕೆ ಇಳಿದಿತ್ತು, ಅಂದರೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗಿತ್ತು. ಹಸಿವು ಸಾಯಲು ಅದೂ ಸಾಕು. ಸೋಡಾ ಬೈಕಾರ್ಬನೇಟ್ ಮಾತ್ರೆ ಶುರು ಮಾಡಿ, ಕಾಲಿನ ಬಾವಿನ ಮೇಲೆ ಕಣ್ಣಿಟ್ಟೆ. ಅದರಲ್ಲಿ ಸೋಡಿಯಂ ಇದೆ ನೋಡಿ. ಮಲಬದ್ಧತೆಯನ್ನೂ ಸರಿಮಾಡಿಸಿದೆ.

ಊಟದ ನಂತರದ ಸಂಕಟ ಹೋಯಿತು. ಬೆಳಗ್ಗಿನ ವಾಂತಿ ಹೋಗಲಿಲ್ಲ. ಆಗ ನನಗೆ ಖಾತ್ರಿಯಾಯಿತು, ಉಳಿದದ್ದು ಕಿಡ್ನಿಯದ್ದೇ ಅಂತ. ಒಂಡಾನ್‌ಸೆಟ್ರಾನ್ ಕೊಟ್ಟರೆ ಸ್ವಲ್ಪ ತಡೆಯುತ್ತದೆ, ಆದರೆ ಹೊಟ್ಟೆ ಮತ್ತೆ ಕಟ್ಟುತ್ತದೆ. ಕಶ್ಮಲವಂತೂ ರಕ್ತದಲ್ಲೇ ಇರುತ್ತದೆ.

ಮನೆಯವರು ಬೊಂಡ ಕುಡಿಸುತ್ತಿದ್ದರು, "ತಂಪು" ಅಂತ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಇಂಥವರ ಹೃದಯಕ್ಕೆ ಅಪಾಯ. ಅದನ್ನು ಬಿಡಿಸಿ, ಕುಚ್ಚಲಕ್ಕಿ ಗಂಜಿಯನ್ನು ತಣಿಸಿ ಸ್ವಲ್ಪ ಸ್ವಲ್ಪವೇ ಕೊಡಲು ಹೇಳಿದೆ, ಉಪ್ಪಿನಕಾಯಿ ಇಲ್ಲದೆ. ಬಿಸಿ ಅನ್ನಕ್ಕಿಂತ ತಣ್ಣಗಿನದ್ದಕ್ಕೆ ವಾಸನೆ ಕಡಿಮೆ.

ತೂಕ ಇಳಿಯುತ್ತಲೇ ಇದ್ದಾಗ ಡಯಾಲಿಸಿಸ್‌ಗೆ ಕಳಿಸಿದೆ. ಬರೀ ನಂಬರು ನೋಡಿ ಕಳಿಸಿದ್ದಲ್ಲ, ಊಟ ಸೇರದೆ ಸೊರಗುತ್ತಿದ್ದದ್ದಕ್ಕೆ. ಕೆಲವು ವಾರಗಳಲ್ಲಿ ಬಾಯಿಯ ರುಚಿ ಬದಲಾಯಿತು.

ಮನೆಯವರು ಮಾತ್ರ ಪ್ರೋಟೀನ್ ಕಡಿಮೆ ಮಾಡುವ ಹಳೆಯ ಪಥ್ಯವನ್ನೇ ಮುಂದುವರಿಸಿದ್ದರು. ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ಅಂಶವೂ ಒಂದಿಷ್ಟು ಸೋರಿಹೋಗುತ್ತದೆ. ಆದ್ದರಿಂದ ಮೊದಲಿಗಿಂತ ಜಾಸ್ತಿ ಬೇಕು, ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. ಮೊಟ್ಟೆಯ ಬಿಳಿ, ಹಸಿ ಬಂಗುಡೆಯ ಒಂದು ತುಂಡು ಕೊಡಿ, ಒಣಮೀನು ಬೇಡ ಅಂದೆ. "ಇಷ್ಟು ದಿನ ಬೇಡ ಅಂದಿರಲ್ಲ" ಅಂತ ಅವರ ಹೆಂಡತಿ ನನ್ನನ್ನೇ ಗದರಿದರು.