ಸಿನಿಮಾ ಜಗಳದ ಕಥೆ ಬರೆದಿದ್ದು ಹೀಗೆ

ಮುಂಬೈನ ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಈ ಕಥೆ ಹೊಳೆಯಿತು. ಭಾಂಡುಪ್‌ನ ಒಂದು ಚಾಳು, ಒಂದೇ ಖೋಲಿ. ಅಕ್ಕ ನರ್ಸ್, ತಮ್ಮ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಎಷ್ಟೋ ತಿಂಗಳ ಮೇಲೆ ಇಬ್ಬರಿಗೂ ಒಂದೇ ಸಂಜೆ ರಜೆ. ಯಾವ ಸಿನಿಮಾ ಅನ್ನೋದಕ್ಕೆ ಜಗಳ.

ಮೊದಲ ಸಲ ಬರೆದಾಗ ಇಬ್ಬರೂ ಹೀರೋ ಬಗ್ಗೆ ಎರಡು ಪುಟ ವಾದ ಮಾಡಿದರು. ಹೆಸರುಗಳ ಮೇಲೆ ಕೈ ಇಟ್ಟು ಓದಿದೆ. ಯಾವ ಮಾತು ಯಾರದು ಅಂತ ನನಗೇ ತಿಳಿಯಲಿಲ್ಲ. ಇಬ್ಬರ ಬಾಯಲ್ಲೂ ನಾನೇ ಮಾತಾಡುತ್ತಿದ್ದೆ.

ಹಾಗಾಗಿ ಸಿನಿಮಾ ಪಕ್ಕಕ್ಕಿಟ್ಟು, ಅವರಿಗೆ ನಿಜವಾಗಿ ಏನು ಬೇಕು ಅಂತ ಕೇಳಿಕೊಂಡೆ. ತಮ್ಮ ದಿನವಿಡೀ ಕಾವಲಿ ಮುಂದೆ ಬೇಯುತ್ತಾನೆ. ಅವನಿಗೆ ಬೇಕಿರುವುದು ಮೂರು ಗಂಟೆ ಏಸಿ, ಮೆತ್ತನೆ ಕುರ್ಚಿ. ಅಕ್ಕನಿಗೆ ನೀರಿನ ಚಿಂತೆ. ಚಾಳಿನಲ್ಲಿ ನೀರು ಬರುವುದು ರಾತ್ರಿ ಎಂಟೂವರೆಗೆ, ಮುಕ್ಕಾಲು ಗಂಟೆ ಅಷ್ಟೇ. ಡ್ರಮ್ಮು ತುಂಬದಿದ್ದರೆ ಬೆಳಗಿನ ಡ್ಯೂಟಿಗೆ ಸ್ನಾನ ಇಲ್ಲ. ಆದರೆ ಇಬ್ಬರೂ ಇದನ್ನು ಬಾಯಿಬಿಟ್ಟು ಹೇಳಬಾರದು.

ಆಮೇಲೆ ನೋಟ್‌ಬುಕ್ಕಿನ ಹಿಂದೆ ಗಂಟೆ ಬರೆದುಕೊಂಡೆ. ಐದಕ್ಕೆ ತಮ್ಮ ಬರುತ್ತಾನೆ. ಅಕ್ಕ ಹೇಳುವ ಚಿಕ್ಕ ಸಿನಿಮಾ 5:45ಕ್ಕೆ. ಅವನ ದೊಡ್ಡ ಸಿನಿಮಾ 6:30ಕ್ಕೆ. ಅದಕ್ಕೆ ಹೋದರೆ ನೀರು ತಪ್ಪುತ್ತದೆ. ಈಗ ಮಾತು ತಾನಾಗಿ ಬಂತು:

"ಅಕ್ಕ, ಅದರಲ್ಲಿ ಫೈಟೇ ಇಲ್ವಂತೆ."
"ಮೋರಿ ಹತ್ರ ಬಕೆಟ್ ಇಟ್ಟಿದ್ಯಾ?"
"ನಾನು ಸಿನಿಮಾ ಕೇಳಿದ್ದು ಮಾರಾಯ್ತಿ!"
"ಪೈಪೂ ಸಿಕ್ಕಿಸಿಡು. ನೀನು ಎರಡನೇ ರೀಲಿಗೇ ಗೊರಕೆ ಹೊಡಿತೀಯ. ನಿದ್ದೆಗೆ ದುಡ್ಡು ಕೊಡಬೇಕಾ?"

ಅವನು ಕೇಳೋದು ಒಂದು, ಅವಳು ಹೇಳೋದು ಇನ್ನೊಂದು. ಹೆಸರು ಮುಚ್ಚಿದರೂ ಈಗ ಗೊತ್ತಾಗುತ್ತದೆ, ಅಲ್ವಾ? "ಅವಳಿಗೆ ನೀರಿನ ಭಯ" ಅಂತ ಒಂದು ವಾಕ್ಯ ಬರೆದಿದ್ದೆ. ಹೊಡೆದು ಹಾಕಿದೆ, ಬಕೆಟ್ಟೇ ಅದನ್ನು ಹೇಳುತ್ತಿತ್ತು. ಸಿನಿಮಾಗಳ ಹೆಸರನ್ನೂ ಹಾಕಲಿಲ್ಲ. ಹಾಕಿದರೆ ಓದುವವರು ತಾವೇ ಜಗಳಕ್ಕೆ ಇಳಿಯುತ್ತಾರೆ.

ಕೊನೆ ಮಾತ್ರ ಬಹಳ ಸತಾಯಿಸಿತು. ರಾಜಿಯಾಗಿ ಮೂರನೇ ಸಿನಿಮಾಕ್ಕೆ ಹೋಗುತ್ತಾರೆ ಅಂತ ಒಮ್ಮೆ ಬರೆದೆ. ಸಪ್ಪೆ. ಉತ್ತರ ಗಂಟೆಗಳಲ್ಲೇ ಇತ್ತು. ಜಗಳದಲ್ಲೇ 5:45 ದಾಟುತ್ತದೆ. ಇನ್ನು ಉಳಿದದ್ದು ಅವನ ಸಿನಿಮಾ ಮಾತ್ರ, ಅಂದರೆ ಅವನು ಗೆದ್ದ. ಅಕ್ಕ ಸುಮ್ನೆ ಸೀರೆಗೆ ಪಿನ್ ಹಾಕಿಕೊಳ್ಳುತ್ತಾಳೆ. ತಮ್ಮ ಶರ್ಟು ಬಿಚ್ಚಿ ಮೊಳೆಗೆ ನೇತುಹಾಕಿ, ಡ್ರಮ್ಮಿನ ಪಕ್ಕ ಚಾಪೆ ಹಾಸುತ್ತಾನೆ. "ನೀರು ಬಂದಾಗ ಎಬ್ಬಿಸು" ಅನ್ನುತ್ತಾನೆ.

ಅಲ್ಲಿಗೇ ನಿಲ್ಲಿಸಿದೆ. ನನ್ನ ತಮ್ಮ ಓದಿ, "ನಾನು ಗೊರಕೆ ಹೊಡೆಯಲ್ಲ" ಅಂತ ಎರಡು ದಿನ ಮಾತು ಬಿಟ್ಟಿದ್ದ.