ಶೇಂಗಾ ಚಟ್ನಿಪುಡಿಯ ಹನ್ನೊಂದು ಪೊಟ್ಟಣ

ನಮ್ಮೂರು ಸಿಂಧನೂರು. ಗಂಡನಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಾಗ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಹೋದೆವು. ಹೊರಡುವ ಹಿಂದಿನ ರಾತ್ರಿ ಅವ್ವ ಮೂರು ಕೆಜಿ ಶೇಂಗಾ ಚಟ್ನಿಪುಡಿ ಕುಟ್ಟಿ, ಎರಡೆರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಸೀರೆಗಳ ನಡುವೆ ಇಟ್ಟುಕೊಟ್ಟಿದ್ದಳು. ಆ ವರ್ಷ ಅಲ್ಲಿನ ಕನ್ನಡಿಗರು ಗಣೇಶ ಹಬ್ಬಕ್ಕೆ ಸೇರಿದಾಗ ಒಂದು ಡಬ್ಬಿ ಒಯ್ದಿದ್ದೆ. ಕೊಪ್ಪಳದ ಹುಡುಗಿಯೊಬ್ಬಳು ಅನ್ನಕ್ಕೆ ಕಲಸಿಕೊಂಡು ಎರಡು ತುತ್ತು ತಿಂದವಳೇ, "ಅಕ್ಕಾ, ಮುಂದಿನ ಸಲ ಊರಿಗೆ ಹೋದಾಗ ನನಗೂ ಎರಡು ಕೆಜಿ ತರುತ್ತೀರಾ? ದುಡ್ಡು ಕೊಡುತ್ತೇನೆ" ಎಂದಳು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಏಳು ಮನೆಯವರು ಅಲ್ಲಿದ್ದರು. ಏಳೂ ಮನೆಯವರು ಅದನ್ನೇ ಕೇಳಿದರು.

ಊರಿನಿಂದ ತಂದು ಮಾರುವುದೇ ಸುಲಭ ಎಂದು ಮೊದಲು ನನಗೂ ಅನಿಸಿತ್ತು. ಅದು ಆಗುವ ಮಾತಲ್ಲ ಎಂದು ತಿಳಿದದ್ದು ಅಲ್ಲಿನ ಕೌನ್ಸಿಲ್‌ಗೆ ಫೋನ್ ಮಾಡಿದ ಮೇಲೆ. ನಾವು ತಿನ್ನಲು ತರುವುದು ಬೇರೆ, ಮಾರಲು ತರುವುದು ಬೇರೆ. ಭಾರತದ ಶೇಂಗಾ ಮತ್ತು ಒಣಮೆಣಸಿನಕಾಯಿ ವ್ಯಾಪಾರಕ್ಕೆಂದು ಬಂದರೆ ಬಂದರಿನಲ್ಲಿ ಅಫ್ಲಾಟಾಕ್ಸಿನ್ ತಪಾಸಣೆಗೆ ಒಳಗಾಗುತ್ತವೆ. ಅದು ಮುಗ್ಗಿದ ಕಾಳಿನಲ್ಲಿ ಬೆಳೆಯುವ ಬೂಷ್ಟಿನ ವಿಷ. ಯಕೃತ್ತಿಗೆ ಕೆಡುಕು ಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ನೇರವಾಗಿ ತಿನ್ನುವ ಶೇಂಗಾದಲ್ಲಿ ಅದರ ಒಟ್ಟು ಪ್ರಮಾಣ ಕೆಜಿಗೆ 4 ಮೈಕ್ರೋಗ್ರಾಂ ದಾಟಬಾರದು. ಸೂಟ್‌ಕೇಸಿನಲ್ಲಿ ಬಂದ ಪುಡಿಗೆ ಅಂಥ ಪರೀಕ್ಷೆಯೂ ಇಲ್ಲ, ಕಾಗದವೂ ಇಲ್ಲ. ಪೇಡೆ, ತುಪ್ಪದಂತಹ ಹಾಲಿನ ಪದಾರ್ಥವನ್ನಂತೂ ಭಾರತದಿಂದ ಸ್ವಂತಕ್ಕೂ ಒಯ್ಯುವಂತಿಲ್ಲ.

ಹಾಗಾಗಿ ಅವ್ವನ ಪುಡಿಯನ್ನು ಬಿಟ್ಟು ಅವ್ವನ ಕೈಹದವನ್ನು ಮಾತ್ರ ತರುವುದೆಂದು ನಿರ್ಧರಿಸಿದೆ. ಶೇಂಗಾ, ಮೆಣಸಿನಕಾಯಿ ಎಲ್ಲವನ್ನೂ ಅಲ್ಲಿನ ಸಗಟು ಅಂಗಡಿಯಲ್ಲೇ ಬಿಲ್ ಪಡೆದು ಕೊಳ್ಳುವುದು, ಮನೆಯ ಅಡುಗೆಮನೆಯಲ್ಲಿ ಪುಡಿ ಮಾಡುವುದು, ಅದನ್ನೇ ಮಾರುವುದು.

ಶುರು ಮಾಡುವ ಮೊದಲು ವೀಸಾ ನೋಡಿಕೊಂಡೆ. ಅಲ್ಲಿಗೆ ಹೋಗುವವರು ಇದನ್ನು ಮರೆಯಬಾರದು. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಸ್ವಂತ ವ್ಯಾಪಾರ ಮಾಡಲು ಅವಕಾಶವಿಲ್ಲ. ನನ್ನಂತೆ ಸ್ಕಿಲ್ಡ್ ವರ್ಕರ್ ವೀಸಾದವರ ಹೆಂಡತಿಯಾಗಿ ಹೋದವರಿಗೆ ಇದೆ. ಆದ್ದರಿಂದ ವ್ಯಾಪಾರ ನನ್ನ ಹೆಸರಿನಲ್ಲೇ ಆಯಿತು, ಗಂಡನ ಹೆಸರು ಎಲ್ಲಿಯೂ ಬರಲಿಲ್ಲ. ಬಾಡಿಗೆ ಮನೆಯಾದ್ದರಿಂದ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದೆ. ಕೌನ್ಸಿಲ್‌ನಲ್ಲಿ ಆಹಾರ ವ್ಯಾಪಾರದ ನೋಂದಣಿ ಮಾಡಿಸಿದೆ. ಅದಕ್ಕೆ ಶುಲ್ಕವಿಲ್ಲ, ಆದರೆ ಮಾರಾಟ ಶುರುವಾಗುವುದಕ್ಕೆ 28 ದಿನ ಮೊದಲೇ ಮಾಡಿಸಬೇಕು.

ಆ 28 ದಿನ ನನಗೆ ಒಳ್ಳೆಯದನ್ನೇ ಮಾಡಿತು. ಅಷ್ಟರಲ್ಲಿ ಮೂರು ಸಲ ಪುಡಿ ಮಾಡಿದೆ, ಎರಡು ಸಲ ಕೆಟ್ಟಿತು.

ಮೊದಲ ಸಲ ಶೇಂಗಾ ಹುರಿದು ಸಿಪ್ಪೆ ತೆಗೆದು, ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿದೆ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಕಾಳಿನ ಬಿಸಿ, ಬ್ಲೇಡಿನ ಬಿಸಿ ಎರಡೂ ಸೇರಿ ಎಣ್ಣೆ ಹೊರಬಂದು ಪುಡಿ ಉಂಡೆಗಟ್ಟಿತು. ಊರಿನಲ್ಲಿ ಅವ್ವ ಒಳಕಲ್ಲಿನಲ್ಲಿ ಕುಟ್ಟುತ್ತಿದ್ದಳು. ಕಲ್ಲು ತಣ್ಣಗಿರುತ್ತದೆ, ಪೆಟ್ಟು ಬಿಟ್ಟು ಬಿಟ್ಟು ಬೀಳುತ್ತದೆ, ಆದ್ದರಿಂದ ಅವಳಿಗೆ ಈ ತೊಂದರೆಯೇ ಬಂದಿರಲಿಲ್ಲ. ಈಗ ನಾನು ಶೇಂಗಾವನ್ನು ಹಿಂದಿನ ಸಂಜೆಯೇ ಹುರಿದು, ಆರಿದ ಮೇಲೆ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಪುಡಿ ಮಾಡುತ್ತೇನೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸುವುದಿಲ್ಲ. ಎರಡು ಸೆಕೆಂಡು ತಿರುಗಿಸಿ ನಿಲ್ಲಿಸುವುದು, ಜಾರನ್ನು ಅಲುಗಾಡಿಸುವುದು, ಮತ್ತೆ ತಿರುಗಿಸುವುದು. ಅಲ್ಲಲ್ಲಿ ಅಕ್ಕಿನುಚ್ಚಿನಷ್ಟು ಕಾಳು ಉಳಿಯಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಪುಡಿ ತಾನಾಗಿ ಉದುರಬೇಕು. ಮುದ್ದೆಯಾಗಿ ನಿಂತರೆ ಹದ ಮೀರಿದೆ ಎಂದೇ ಲೆಕ್ಕ.

ಎರಡನೆಯ ಸಲ ಪುಡಿ ಉದುರುದುರಾಗಿಯೇ ಬಂತು. ಆದರೆ ಹದಿನೆಂಟನೆಯ ದಿನ ಪೊಟ್ಟಣ ಬಿಚ್ಚಿದಾಗ ಮೂಲೆಯಲ್ಲಿ ಗಂಟು ಕಟ್ಟಿತ್ತು, ಮುಗ್ಗು ವಾಸನೆ ಬಂತು. ಕಾರಣ ಹಸಿ ಬೆಳ್ಳುಳ್ಳಿ. ನಮ್ಮ ಕಡೆ ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಹಾಗೆಯೇ ಕುಟ್ಟಿ ಹಾಕುತ್ತೇವೆ. ಮನೆಯಲ್ಲಿ ಡಬ್ಬಿಯ ಬಾಯಿ ದಿನಕ್ಕೆ ಎರಡು ಸಲ ತೆರೆಯುತ್ತದೆ, ರಾಯಚೂರು ಸೀಮೆಯ ಬಿಸಿಲಿಗೆ ಆ ತೇವ ಆರಿಹೋಗುತ್ತದೆ, ಹದಿನೈದು ದಿನದಲ್ಲಿ ಪುಡಿಯೂ ಮುಗಿಯುತ್ತದೆ. ಸೀಲು ಮಾಡಿದ ಪೌಚಿನಲ್ಲಿ ತೇವಕ್ಕೆ ಹೋಗಲು ದಾರಿಯಿಲ್ಲ. ಅವ್ವನಿಗೆ ಫೋನ್ ಮಾಡಿದೆ. "ಬೆಳ್ಳುಳ್ಳಿ ಬಿಟ್ಟರೆ ಅದು ನಮ್ಮ ಚಟ್ನಿ ಆಗುವುದಿಲ್ಲ. ಒಣಗಿಸಿ ನೋಡು" ಎಂದಳು. ಎಸಳುಗಳನ್ನು ತೆಳ್ಳಗೆ ಹೆಚ್ಚಿ, ಓವನ್ನಿನಲ್ಲಿ 70 ಡಿಗ್ರಿಯಲ್ಲಿ, ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಟ್ಟು ನಾಲ್ಕು ಗಂಟೆ ಒಣಗಿಸಿದೆ. ಮುರಿದರೆ ಚಟ್ಟೆಂದು ಸದ್ದಾಗಬೇಕು. ಬಾಗಿದರೆ ಇನ್ನೂ ತೇವವಿದೆ. ಒಣ ಬೆಳ್ಳುಳ್ಳಿಗೆ ಹಸಿಯ ಘಾಟು ಇರುವುದಿಲ್ಲ, ಆ ಕೊರತೆಯನ್ನು ಜೀರಿಗೆ ಸ್ವಲ್ಪ ಹೆಚ್ಚು ಹಾಕಿ ತುಂಬಿಕೊಂಡೆ. ಕರಿಬೇವನ್ನೂ ಹೀಗೆಯೇ ಗರಿಗರಿಯಾಗಿ ಒಣಗಿಸುತ್ತೇನೆ.

ಮೆಣಸಿನಕಾಯಿಯನ್ನು ಇಡಿಯಾಗಿಯೇ ಕೊಳ್ಳುತ್ತೇನೆ, ಪುಡಿಯಾಗಿ ಎಂದೂ ಕೊಳ್ಳುವುದಿಲ್ಲ. 2003ರಲ್ಲಿ ಯುರೋಪಿಗೆ ಹೋದ ನಮ್ಮ ದೇಶದ ಖಾರಪುಡಿಯಲ್ಲಿ ಸೂಡಾನ್ ಎಂಬ ಬಣ್ಣ ಸಿಕ್ಕಿ ದೊಡ್ಡ ಗದ್ದಲವಾಗಿತ್ತು. ಪುಡಿಯಲ್ಲಿ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಕಾಯಿಯಲ್ಲಿ ಅಷ್ಟಿಷ್ಟಾದರೂ ಕಾಣುತ್ತದೆ. ಪ್ರತಿ ಚೀಲದಿಂದ ಹತ್ತು ಕಾಯಿ ತೆಗೆದು ಉದ್ದಕ್ಕೆ ಸೀಳಿ ನೋಡುತ್ತೇನೆ. ಹೊರಗೆ ಕೆಂಪಗೆ ಮಿರಮಿರನೆ ಹೊಳೆಯುವ ಕಾಯಿಯ ಒಳಗೆ, ಬೀಜದ ಸುತ್ತ ಬೂದು ಬಣ್ಣದ ಬೂಷ್ಟು ಇದ್ದದ್ದನ್ನು ಎರಡು ಸಲ ಕಂಡಿದ್ದೇನೆ. ಎರಡೂ ಸಲ ಇಡೀ ಚೀಲವನ್ನು ಹಿಂದಿರುಗಿಸಿದೆ. ಬೂಷ್ಟು ಕಾಣಲಿಲ್ಲವೆಂದ ಮಾತ್ರಕ್ಕೆ ವಿಷವಿಲ್ಲ ಎಂದಲ್ಲ. ಅದಕ್ಕಾಗಿಯೇ ತಪಾಸಣೆ ದಾಟಿ ಬಂದ ಮಾಲು, ಬಿಲ್ಲಿನ ಮೇಲೆ ಲಾಟ್ ಸಂಖ್ಯೆ ಎರಡೂ ಬೇಕು. ಬಣ್ಣಕ್ಕೆ ಬ್ಯಾಡಗಿ ಮೂರು ಪಾಲು, ಖಾರಕ್ಕೆ ಗುಂಟೂರು ಒಂದು ಪಾಲು.

ಈಗಿನ ನನ್ನ ಅಳತೆ ಹೀಗಿದೆ. ಎರಡು ಕೆಜಿ ಹಸಿ ಶೇಂಗಾ ಹುರಿದು ಸಿಪ್ಪೆ ಕೇರಿದರೆ 1,820 ಗ್ರಾಂ ಉಳಿಯುತ್ತದೆ. ಅದಕ್ಕೆ ಖಾರಪುಡಿ 180 ಗ್ರಾಂ, ಒಣ ಬೆಳ್ಳುಳ್ಳಿ 60, ಉಪ್ಪು 60, ಜೀರಿಗೆ 40, ಬೆಲ್ಲದ ಪುಡಿ 40, ಕರಿಬೇವು 15. ಒಟ್ಟು 2,215 ಗ್ರಾಂ, ಅಂದರೆ 200 ಗ್ರಾಮಿನ ಹನ್ನೊಂದು ಪೊಟ್ಟಣ. ಉಳಿದ ಹದಿನೈದು ಗ್ರಾಮನ್ನು ಒಂದು ಸಣ್ಣ ಶೀಷೆಯಲ್ಲಿ ದಿನಾಂಕ ಬರೆದು ಇಡುತ್ತೇನೆ. ಪ್ರತಿ ವಾರ ಅದನ್ನು ಮೂಸಿ, ಒಂದು ಚಿಟಿಕೆ ನಾಲಿಗೆಗೆ ಹಚ್ಚುತ್ತೇನೆ. ಕಮಟು ಮೊದಲು ಮೂಗಿಗೆ ಬರುವುದಿಲ್ಲ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿಯಾಗಿ ಬರುತ್ತದೆ. ನನ್ನ ಪುಡಿಯಲ್ಲಿ ಅದು ಹನ್ನೊಂದನೆಯ ವಾರ ಬಂತು. ಆದ್ದರಿಂದ ಪೊಟ್ಟಣದ ಮೇಲೆ ಎಂಟು ವಾರ ಎಂದು ಹಾಕುತ್ತೇನೆ. ಗಿರಾಕಿಗಳು ಅದನ್ನು ಒಲೆಯ ಪಕ್ಕದ ಬಿಸಿಯಲ್ಲೇ ಇಡುತ್ತಾರೆ, ಆ ಮೂರು ವಾರ ಅದಕ್ಕೆ ಬೇಕು.

ಪರಿಶೀಲನೆಗೆ ಬಂದ ಅಧಿಕಾರಿ ಮಹಿಳೆ ನೆಲ, ಗೋಡೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನ ನೋಟುಪುಸ್ತಕ ನೋಡಿದರು. ಒಂದು ಪೊಟ್ಟಣವನ್ನು ಕೈಗೆತ್ತಿಕೊಂಡು, "ಇದರೊಳಗಿನ ಶೇಂಗಾ ಯಾವ ಅಂಗಡಿಯದು, ಇದೇ ದಿನ ಮಾಡಿದ ಉಳಿದ ಹತ್ತು ಪೊಟ್ಟಣ ಯಾರ ಮನೆಗೆ ಹೋಗಿವೆ?" ಎಂದು ಕೇಳಿದರು. ಬರೆದಿಟ್ಟಿದ್ದೆ, ತೋರಿಸಿದೆ. ಆಮೇಲೆ ಮಿಕ್ಸಿ ಜಾರಿನ ಕಡೆ ತಿರುಗಿ, "ಇದರಲ್ಲಿ ಬೇರೆ ಏನು ರುಬ್ಬುತ್ತೀರಿ?" ಎಂದರು. ಮನೆಗೆ ಬೇಕಾದ ಎಳ್ಳುಪುಡಿಯನ್ನು ಅದರಲ್ಲೇ ಮಾಡುತ್ತಿದ್ದೆ. ಅಲ್ಲಿನ ಕಾನೂನಿನಲ್ಲಿ ಹೆಸರಿಸಿದ ಹದಿನಾಲ್ಕು ಅಲರ್ಜಿ ಪದಾರ್ಥಗಳಲ್ಲಿ ಶೇಂಗಾದಂತೆ ಎಳ್ಳೂ ಒಂದು. ಜಾರಿನ ಬುಡದ ರಬ್ಬರಿನ ಸಂದಿಯನ್ನು ಅವರು ಬೆರಳಿನಿಂದ ತೋರಿಸಿದರು. ನಾಲ್ಕು ಬಿಳಿ ಎಳ್ಳು ಅಂಟಿಕೊಂಡಿದ್ದವು. ಅದು ತೊಳೆದಿಟ್ಟ ಜಾರು. ನನ್ನ ಎದೆ ಧಸಕ್ಕೆಂದಿತು. ಎಳ್ಳು ಆಗದ ಮಗುವಿರುವ ಮನೆಗೆ ನನ್ನ ಪೊಟ್ಟಣ ಹೋಗಿದ್ದರೆ? ಅದೇ ವಾರ ಚಟ್ನಿಗೆಂದೇ ಬೇರೆ ಜಾರು ಕೊಂಡೆ, ಅದನ್ನು ಬೇರೆ ಕಪಾಟಿನಲ್ಲಿ ಇಟ್ಟೆ. ಅಷ್ಟಾದರೂ ಅದೇ ಅಡುಗೆಮನೆಯಾದ್ದರಿಂದ ಲೇಬಲ್ಲಿನಲ್ಲಿ ಎಳ್ಳು ಇರಬಹುದು ಎಂದು ಬರೆಯುತ್ತೇನೆ.

ಲೇಬಲ್ಲಿನ ಮೇಲೆ ಪದಾರ್ಥಗಳನ್ನು ತೂಕದ ಇಳಿಕ್ರಮದಲ್ಲಿ ಬರೆಯಬೇಕು. ಹೆಸರಿನಲ್ಲೇ ಶೇಂಗಾ ಇರುವುದರಿಂದ ಅದು ಶೇಕಡಾ ಎಷ್ಟು ಎಂದೂ ಹೇಳಬೇಕು. ನನ್ನದು 82. ಅಲರ್ಜಿಯ ಪದಾರ್ಥ ದಪ್ಪಕ್ಷರದಲ್ಲಿ ಇರಬೇಕು, ಅದೂ ಇಂಗ್ಲಿಷಿನಲ್ಲಿ. ಕೊಳ್ಳುವವರೆಲ್ಲ ನಮ್ಮವರೇ, ಶೇಂಗಾ ಎಂದರೆ ಗೊತ್ತಾಗುತ್ತದೆ ಎಂದು ವಾದಿಸುವವರನ್ನು ಕಂಡಿದ್ದೇನೆ. ಆ ಮನೆಗೆ ಬರುವ ಮಗಳ ಗೆಳತಿಗೆ ಗೊತ್ತಾಗುವುದಿಲ್ಲ.

ಪೊಟ್ಟಣದ ಬೆಲೆ 4 ಪೌಂಡ್. ಸಾಮಗ್ರಿ, ಪೌಚು, ಲೇಬಲ್, ವಿದ್ಯುತ್ತು ಸೇರಿ ಹನ್ನೊಂದು ಪೊಟ್ಟಣಕ್ಕೆ 14 ಪೌಂಡ್ ತಗಲುತ್ತದೆ, 30 ಪೌಂಡ್ ಉಳಿಯುತ್ತದೆ. ಹುರಿಯುವುದರಿಂದ ಸೀಲು ಮಾಡುವವರೆಗೆ ನನ್ನ ನಾಲ್ಕು ಗಂಟೆ ಹೋಗುತ್ತದೆ. ಗಂಟೆಗೆ ಏಳೂವರೆ ಪೌಂಡ್ ಬಿತ್ತು, ಇದು ಅಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ. ಲಾಭ ಬಹಳ ಎಂದು ಹೇಳುವವರು ತಮ್ಮ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎರಡು ಅಳತೆಯನ್ನು ಒಂದೇ ದಿನ ಮಾಡಿದರೆ ಐದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಆಗ ಮಾತ್ರ ಗಿಟ್ಟುತ್ತದೆ. ಅಂಚೆಯ ಖರ್ಚನ್ನು ಗಿರಾಕಿಗಳೇ ಕೊಡುತ್ತಾರೆ. ಅವರಿಗೂ ಹೊರೆಯಾಗದಂತೆ ಪೌಚನ್ನು ಅಂಗೈಯಿಂದ ತಟ್ಟಿ ಚಪ್ಪಟೆ ಮಾಡುತ್ತೇನೆ. ಎರಡೂವರೆ ಸೆಂಟಿಮೀಟರ್ ದಪ್ಪದೊಳಗೆ ಇದ್ದರೆ ಅದು ದೊಡ್ಡ ಕಾಗದದ ದರದಲ್ಲಿ ಹೋಗುತ್ತದೆ, ಮೀರಿದರೆ ಪಾರ್ಸಲ್ಲಿನ ದರ. ರಟ್ಟಿನಲ್ಲಿ ಅಷ್ಟೇ ಅಗಲದ ಸೀಳು ಕೊಯ್ದು ಇಟ್ಟುಕೊಂಡಿದ್ದೇನೆ, ಪ್ರತಿ ಪೊಟ್ಟಣವೂ ಅದರಲ್ಲಿ ತೂರಿ ಹೊರಬರಬೇಕು.

ತೆರಿಗೆಯ ವಿಷಯದಲ್ಲಿ ಒಂದು ಮಾತು. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ ಬಂದ ಹಣ 1,000 ಪೌಂಡ್ ದಾಟದಿದ್ದರೆ ಅದಕ್ಕೆ ತೆರಿಗೆಯಿಲ್ಲ. ಆದರೆ ಅದು ಲಾಭದ ಲೆಕ್ಕವಲ್ಲ, ಕೈಗೆ ಬಂದ ಒಟ್ಟು ಹಣದ ಲೆಕ್ಕ. ನನ್ನ ದರದಲ್ಲಿ 250 ಪೊಟ್ಟಣಕ್ಕೆ ಆ ಗೆರೆ ಬರುತ್ತದೆ. ಅಂಚೆಗೆಂದು ಕೊಟ್ಟದ್ದೂ ಸೇರಿದರೆ ಇನ್ನೂ ಬೇಗ. ಎರಡನೆಯ ವರ್ಷ ದೀಪಾವಳಿಗೆ ಮೊದಲೇ ದಾಟಿತು, ತೆರಿಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಿದೆ.

ಖಡಕ್ ರೊಟ್ಟಿಯನ್ನು ಎಲ್ಲರೂ ಕೇಳುತ್ತಾರೆ. ಅದನ್ನು ಇನ್ನೂ ಮಾರುತ್ತಿಲ್ಲ. ಅಲ್ಲಿ ಸಿಗುವ ಜೋಳದ ಹಿಟ್ಟು ತಿಂಗಳುಗಟ್ಟಲೆ ಹಳೆಯದು, ಜಿಗಿ ಇರುವುದಿಲ್ಲ. ಕುದಿಯುವ ಎಸರಿನಲ್ಲಿ ಕಲಸಿದರೂ ತಟ್ಟುವಾಗ ಅಂಚು ಬಿರಿಯುತ್ತದೆ. ಬಿರಿದ ರೊಟ್ಟಿ ಅಂಚೆಯಲ್ಲಿ ಪುಡಿಯಾಗಿಯೇ ತಲುಪುತ್ತದೆ. ಇಡೀ ಜೋಳ ಕೊಂಡು ಮನೆಯಲ್ಲೇ ಬೀಸಲು ಒಂದು ಸಣ್ಣ ವಿದ್ಯುತ್ ಗಿರಣಿ ತಂದಿದ್ದೇನೆ. ಆ ಹಿಟ್ಟಿನಲ್ಲಿ ಕಳೆದ ತಿಂಗಳು ಇಪ್ಪತ್ತು ರೊಟ್ಟಿ ತಟ್ಟಿ, ಬೇಯಿಸಿ, ಒಣಗಿಸಿ ಕೊಪ್ಪಳದ ಹುಡುಗಿಗೆ ಅಂಚೆಯಲ್ಲಿ ಕಳಿಸಿದೆ. ಹದಿಮೂರು ಇಡಿಯಾಗಿ ತಲುಪಿದವು.